ವಾರಕ್ಕೆ 26 ಅವಧಿ ಎಂದರೆ ಎಷ್ಟು ಗಂಟೆಯ ಕೆಲಸ? ಪ್ರೌಢಶಾಲಾ ಶಿಕ್ಷಕರ ಕಾರ್ಯಭಾರವನ್ನು ಲೆಕ್ಕ ಹಾಕುವ ಕ್ರಮ

ಜೂನ್ ತಿಂಗಳಲ್ಲಿ ವೇಳಾಪಟ್ಟಿ ಸಿದ್ಧವಾಗುವಾಗ ಪ್ರತಿ ಶಿಕ್ಷಕರ ಹೆಸರಿನ ಮುಂದೆ ಒಂದು ಸಂಖ್ಯೆ ಬರುತ್ತದೆ: ವಾರಕ್ಕೆ 24 ಅವಧಿ, 26 ಅವಧಿ, 30 ಅವಧಿ. ಕಾರ್ಯಭಾರ ಸಮನಾಗಿ ಹಂಚಿಕೆಯಾಗಿದೆಯೇ ಎಂದು ಮುಖ್ಯೋಪಾಧ್ಯಾಯರು ನೋಡುವುದು ಈ ಸಂಖ್ಯೆಯನ್ನೇ. ಖಾಸಗಿ ಶಾಲೆಗಳಲ್ಲಿ ಅವಧಿಗೆ ಇಷ್ಟು ಎಂದು ಸಂಭಾವನೆ ಗೊತ್ತುಮಾಡುವುದೂ ಇದನ್ನು ಹಿಡಿದೇ. ಆದರೆ ಅವಧಿ ಎಂಬುದು ಶಿಕ್ಷಕರು ಮಕ್ಕಳ ಮುಂದೆ ನಿಲ್ಲುವ ಹೊತ್ತಿನ ಅಳತೆ ಮಾತ್ರ. ಆ ಅವಧಿಗಾಗಿ ಹಿಂದಿನ ಸಂಜೆ ಓದಿದ್ದು, ಆ ಅವಧಿಯಲ್ಲಿ ಬರೆಸಿದ್ದನ್ನು ಮರುದಿನ ತಿದ್ದಿದ್ದು ಅದರಲ್ಲಿ ಸೇರುವುದಿಲ್ಲ. ಕರ್ನಾಟಕದ ಒಂದು ಪ್ರೌಢಶಾಲೆಯ ಕನ್ನಡ ಶಿಕ್ಷಕಿಯ ಉದಾಹರಣೆಯನ್ನು ಹಿಡಿದು, ಅವಧಿಯ ಸಂಖ್ಯೆಯಿಂದ ನಿಜವಾದ ಕೆಲಸದ ಗಂಟೆಗಳಿಗೆ ಬರುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ. ನಿಮಿಷದ ಅಂಕಿಗಳು ಈ ಉದಾಹರಣೆಗೆ ಮಾತ್ರ ಸೇರಿದವು. ನಿಮ್ಮ ಅಂಕಿಗಳನ್ನು ನೀವೇ ಅಳೆಯಬೇಕು, ಕ್ರಮವನ್ನಷ್ಟೇ ಇಲ್ಲಿಂದ ತೆಗೆದುಕೊಳ್ಳಬೇಕು.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅವಧಿಯ ಸಂಖ್ಯೆಯನ್ನು ಒಂದೂವರೆಯಿಂದಲೋ ಎರಡರಿಂದಲೋ ಗುಣಿಸಿ ಕೆಲಸದ ಗಂಟೆ ಇಷ್ಟು ಎಂದು ಹೇಳುವ ರೂಢಿ ಇದೆ. ಈ ಲೆಕ್ಕ ಸುಲಭ, ಆದರೆ ತಪ್ಪು. ಬೋಧನೆಯ ಹೊತ್ತು ಅವಧಿಗಳ ಸಂಖ್ಯೆಯನ್ನು ಅವಲಂಬಿಸಿದೆ. ಸಿದ್ಧತೆಯ ಹೊತ್ತು ಎಷ್ಟು ಬೇರೆ ಬೇರೆ ಪಾಠಗಳನ್ನು ಹೇಳಬೇಕು ಎಂಬುದನ್ನು ಅವಲಂಬಿಸಿದೆ. ತಿದ್ದುವ ಹೊತ್ತು ಎಷ್ಟು ಮಕ್ಕಳಿದ್ದಾರೆ ಎಂಬುದನ್ನು ಅವಲಂಬಿಸಿದೆ. ಮೂರೂ ಬೇರೆ ಬೇರೆ ಸಂಖ್ಯೆಗಳಾದ್ದರಿಂದ ಮೂರನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕಿ ಕೊನೆಗೆ ಕೂಡಿಸಬೇಕು.

ನಮ್ಮ ಉದಾಹರಣೆ

ಶಾಲೆ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 10ರಿಂದ ಸಂಜೆ 4-40ರವರೆಗೆ ನಡೆಯುತ್ತದೆ. ದಿನಕ್ಕೆ ತಲಾ 40 ನಿಮಿಷದ ಎಂಟು ಅವಧಿಗಳು. ಪ್ರಾರ್ಥನೆಗೆ 15 ನಿಮಿಷ, ಮಧ್ಯಾಹ್ನದ ಊಟಕ್ಕೆ 45 ನಿಮಿಷ, ಹತ್ತು ಹತ್ತು ನಿಮಿಷದ ಎರಡು ವಿರಾಮಗಳು. ಶನಿವಾರ ಬೆಳಗಿನ ಶಾಲೆ, 8ರಿಂದ 11-50ರವರೆಗೆ ಐದು ಅವಧಿಗಳು. ಹೀಗೆ ವಾರಕ್ಕೆ ಒಟ್ಟು 45 ಅವಧಿಗಳಾಗುತ್ತವೆ.

ಶಿಕ್ಷಕಿ ಎಂಟನೆಯ ತರಗತಿಯ ಒಂದು ವಿಭಾಗ, ಒಂಬತ್ತನೆಯ ತರಗತಿಯ ಎರಡು ವಿಭಾಗ, ಹತ್ತನೆಯ ತರಗತಿಯ ಒಂದು ವಿಭಾಗಕ್ಕೆ ಪ್ರಥಮ ಭಾಷೆ ಕನ್ನಡ ಬೋಧಿಸುತ್ತಾರೆ. ವಿಭಾಗಕ್ಕೆ ವಾರದಲ್ಲಿ ಆರು ಅವಧಿಯಂತೆ 24 ಅವಧಿಗಳು. ಅದರ ಜೊತೆಗೆ ಮೌಲ್ಯ ಶಿಕ್ಷಣದ ಎರಡು ಅವಧಿಗಳು. ಒಟ್ಟು 26. ಮಕ್ಕಳ ಸಂಖ್ಯೆ ಎಂಟರಲ್ಲಿ 40, ಒಂಬತ್ತರ ಎರಡು ವಿಭಾಗಗಳಲ್ಲಿ 42 ಮತ್ತು 38, ಹತ್ತರಲ್ಲಿ 45, ಒಟ್ಟು 165.

ಮೊದಲ ಹಂತ: ತರಗತಿಯಲ್ಲಿರುವ ಹೊತ್ತು

ಅವಧಿಯನ್ನು ನಿಮಿಷಕ್ಕೆ ತರುವುದು ಮೊದಲ ಕೆಲಸ. 26 ಅವಧಿಗಳನ್ನು 40ರಿಂದ ಗುಣಿಸಿದರೆ 1040 ನಿಮಿಷ, ಅಂದರೆ 17 ಗಂಟೆ 20 ನಿಮಿಷ. ಇದನ್ನು ಹೇಳಲೇಬೇಕಾದ ಕಾರಣವೆಂದರೆ ಅವಧಿ ಮತ್ತು ಗಂಟೆ ಎಂಬ ಎರಡು ಮಾತುಗಳನ್ನು ನಾವು ಅದಲುಬದಲು ಮಾಡಿ ಬಳಸುತ್ತೇವೆ. 26 ಅವಧಿ ಎಂದರೆ 26 ಗಂಟೆ ಎಂದುಕೊಂಡು ಲೆಕ್ಕ ಆರಂಭಿಸಿದರೆ ಮುಂದಿನ ಎಲ್ಲ ಹಂತಗಳೂ ತಪ್ಪುತ್ತವೆ. ಆ ತಪ್ಪನ್ನು ಯಾರಾದರೂ ಎತ್ತಿ ತೋರಿಸಿದರೆ ಸರಿಯಾದ ಭಾಗವನ್ನೂ ಯಾರೂ ನಂಬುವುದಿಲ್ಲ. ಶನಿವಾರದ ಅವಧಿಗಳು 35 ನಿಮಿಷದವಾಗಿದ್ದರೆ ಅವುಗಳನ್ನು ಬೇರೆಯಾಗಿಯೇ ಗುಣಿಸಬೇಕು.

ವೇಳಾಪಟ್ಟಿಯಲ್ಲಿ ಕಾಣದ ಬೋಧನೆಯೂ ಇದೆ. ರಜೆಯಲ್ಲಿರುವ ಸಹೋದ್ಯೋಗಿಯ ತರಗತಿಗೆ ಹೋಗುವ ಹೊಂದಾಣಿಕೆ ಅವಧಿಗಳು ಇದರಲ್ಲಿ ಸೇರುತ್ತವೆ. ಇವುಗಳನ್ನು ನೆನಪಿನಿಂದ ಬರೆಯಬಾರದು, ಏಕೆಂದರೆ ಬೇಸರ ತಂದ ಅವಧಿಗಳೇ ಹೆಚ್ಚು ನೆನಪಿನಲ್ಲಿರುತ್ತವೆ. ಹೊಂದಾಣಿಕೆ ವಹಿಯನ್ನು ತೆಗೆದುಕೊಂಡು ಹಿಂದಿನ ನಾಲ್ಕು ವಾರಗಳಲ್ಲಿ ನಿಮ್ಮ ಸಹಿ ಎಷ್ಟು ಕಡೆ ಇದೆ ಎಂದು ಎಣಿಸಿ, ನಾಲ್ಕರಿಂದ ಭಾಗಿಸಿ. ನಮ್ಮ ಶಿಕ್ಷಕಿಗೆ ನಾಲ್ಕು ವಾರಗಳಲ್ಲಿ ಎಂಟು ಬಂದಿದ್ದವು. ವಾರಕ್ಕೆ ಎರಡರಂತೆ 80 ನಿಮಿಷ. ಹಾಗಾಗಿ ತರಗತಿಯಲ್ಲಿರುವ ಹೊತ್ತು 1120 ನಿಮಿಷ.

ಎರಡನೆಯ ಹಂತ: ಸಿದ್ಧತೆ

ಸಿದ್ಧತೆಯನ್ನು ಅವಧಿಗೆ ಇಷ್ಟು ನಿಮಿಷ ಎಂದು ಒಂದೇ ಅಳತೆಯಲ್ಲಿ ಹಿಡಿಯಲಾಗದು. ಒಂಬತ್ತನೆಯ ತರಗತಿಯ ಎ ವಿಭಾಗಕ್ಕೆ ಹೇಳಿದ ಪಾಠವನ್ನೇ ಬಿ ವಿಭಾಗಕ್ಕೆ ಹೇಳುವಾಗ ಸಿದ್ಧತೆ ಬಹಳ ಕಡಿಮೆ. ಹಾಗಾಗಿ 24 ಅವಧಿಗಳಲ್ಲಿ ಬೇರೆ ಬೇರೆ ಪಾಠಭಾಗಗಳು ಎಷ್ಟು ಎಂದು ಮೊದಲು ಎಣಿಸಬೇಕು. ನಮ್ಮ ಉದಾಹರಣೆಯಲ್ಲಿ ಮೂರು ತರಗತಿಗೆ ಆರರಂತೆ 18. ಉಳಿದ ಆರು ಪುನರಾವರ್ತನೆ.

ಈ ಹದಿನೆಂಟರಲ್ಲಿಯೂ ಎಲ್ಲವೂ ಒಂದೇ ತೂಕದವಲ್ಲ. ಭಾಷಾ ಪಾಠದಲ್ಲಿ ಸಿದ್ಧತೆಯ ದೊಡ್ಡ ಪಾಲು ಹೊಸ ಗದ್ಯ ಅಥವಾ ಪದ್ಯವನ್ನು ಆರಂಭಿಸುವ ಮುನ್ನವೇ ಬೀಳುತ್ತದೆ. ಉದಾಹರಣೆಗೆ, ಭಾಮಿನಿ ಷಟ್ಪದಿಯ ಪದ್ಯಭಾಗವೊಂದನ್ನು ತೆಗೆದುಕೊಂಡರೆ ಪದಗಳನ್ನು ಬಿಡಿಸಿ, ಅನ್ವಯ ಮಾಡಿ, ಹಳೆಯ ರೂಪಗಳಿಗೆ ಮಕ್ಕಳಿಗೆ ತಿಳಿಯುವ ಅರ್ಥ ಬರೆದಿಟ್ಟುಕೊಂಡು, ಕಥಾಸಂದರ್ಭವನ್ನು ಓದಿ, ಒಂದೆರಡು ಸಾಲಿಗೆ ಪ್ರಸ್ತಾರ ಹಾಕಿ ಗಣ ವಿಂಗಡಿಸಿ ನೋಡಿದ ಮೇಲಷ್ಟೇ ಕಪ್ಪುಹಲಗೆಯ ಮುಂದೆ ಧೈರ್ಯವಾಗಿ ನಿಲ್ಲಬಹುದು. ಅದೇ ಪದ್ಯದ ಐದನೆಯ ಅವಧಿಗೆ, ಅಂದರೆ ಪ್ರಶ್ನೋತ್ತರ ಚರ್ಚೆಯ ದಿನಕ್ಕೆ, ಹತ್ತು ಹದಿನೈದು ನಿಮಿಷ ಸಾಕು.

ಆದ್ದರಿಂದ ಸಿದ್ಧತೆಯನ್ನು ಮೂರು ಬಗೆಯಾಗಿ ವಿಂಗಡಿಸಿ. ಹೊಸ ಪಾಠದ ಆರಂಭಕ್ಕೆ ಎಷ್ಟು, ನಡೆಯುತ್ತಿರುವ ಪಾಠದ ಮುಂದುವರಿಕೆಗೆ ಎಷ್ಟು, ಪುನರಾವರ್ತನೆಯ ವಿಭಾಗಕ್ಕೆ ಎಷ್ಟು ಎಂದು ಎರಡು ವಾರ ಗಡಿಯಾರ ನೋಡಿ ಬರೆದಿಡಿ. ಆರಂಭಿಸಿದ ಸಮಯ, ಮುಗಿಸಿದ ಸಮಯ, ಏನು ಮಾಡಿದಿರಿ ಎಂಬ ಮೂರು ಅಂಕಣ ಸಾಕು. ನಮ್ಮ ಶಿಕ್ಷಕಿಯ ಅಳತೆಯಲ್ಲಿ ಹೊಸ ಪಾಠಕ್ಕೆ 75 ನಿಮಿಷ, ಮುಂದುವರಿಕೆಗೆ 15 ನಿಮಿಷ, ಪುನರಾವರ್ತನೆಗೆ 5 ನಿಮಿಷ ಬಂದಿತು. ಒಂದು ಪಾಠ ಮುಗಿಯಲು ಅವರಿಗೆ ಸರಾಸರಿ ಒಂಬತ್ತು ಅವಧಿ ಬೇಕಾಗುತ್ತಿದ್ದುದರಿಂದ ವಾರದ 18 ಪಾಠಭಾಗಗಳಲ್ಲಿ ಎರಡು ಹೊಸ ಆರಂಭಗಳು, ಉಳಿದ 16 ಮುಂದುವರಿಕೆಗಳು.

ಲೆಕ್ಕ ಹೀಗಾಗುತ್ತದೆ. ಹೊಸ ಪಾಠಕ್ಕೆ 150 ನಿಮಿಷ, ಮುಂದುವರಿಕೆಗೆ 240, ಪುನರಾವರ್ತನೆಗೆ 30, ಮೌಲ್ಯ ಶಿಕ್ಷಣದ ಎರಡು ಅವಧಿಗೆ 10. ಪಾಠ ಯೋಜನೆ ಮತ್ತು ದಿನಚರಿ ಬರೆಯಲು ತರಗತಿಗೆ 20 ನಿಮಿಷದಂತೆ 60. ಒಟ್ಟು 490 ನಿಮಿಷ, ಅಂದರೆ 8 ಗಂಟೆ 10 ನಿಮಿಷ. ಪಾಠ ಯೋಜನೆ ಬರೆಯುವ ಹೊತ್ತನ್ನು ಓದಿ ಸಿದ್ಧವಾಗುವ ಹೊತ್ತಿನಿಂದ ಬೇರೆಯಾಗಿ ಇಟ್ಟಿರುವುದನ್ನು ಗಮನಿಸಿ. ಎರಡನ್ನೂ ಒಟ್ಟಿಗೆ ಸೇರಿಸಿದರೆ, ಬರಹದ ಕೆಲಸ ಹೆಚ್ಚಾದ ವರ್ಷ ಓದುವ ಹೊತ್ತು ಕರಗಿಹೋದದ್ದು ಲೆಕ್ಕದಲ್ಲಿ ಕಾಣುವುದೇ ಇಲ್ಲ. ನನ್ನ ಮಟ್ಟಿಗೆ ಇಡೀ ಲೆಕ್ಕದಲ್ಲಿ ಅತಿ ಹೆಚ್ಚು ಜೋಪಾನ ಮಾಡಬೇಕಾದ ಅಂಕಿ ಇದು.

ಹೊಸದಾಗಿ ಸೇವೆಗೆ ಸೇರಿದವರಿಗೂ ಪಠ್ಯಪುಸ್ತಕ ಬದಲಾದ ವರ್ಷ ಎಲ್ಲರಿಗೂ ಈ ನಿಮಿಷಗಳು ಏರುತ್ತವೆ. ಹತ್ತು ವರ್ಷ ಅದೇ ಪಾಠ ಹೇಳಿದವರ ಅಳತೆಯನ್ನು ಮೊದಲ ವರ್ಷದವರಿಗೆ ಅನ್ವಯಿಸಿದರೆ ಅದು ನ್ಯಾಯವಲ್ಲ.

ಮೂರನೆಯ ಹಂತ: ವಾರವಾರದ ನೋಟ್‌ಬುಕ್ ತಿದ್ದುವಿಕೆ

ಇಲ್ಲಿ ಅವಧಿಯ ಸಂಖ್ಯೆಗೆ ಯಾವ ಕೆಲಸವೂ ಇಲ್ಲ. ಮಕ್ಕಳ ಸಂಖ್ಯೆ, ಎಷ್ಟು ದಿನಕ್ಕೊಮ್ಮೆ ನೋಡುತ್ತೀರಿ, ಒಂದು ಪುಸ್ತಕಕ್ಕೆ ಎಷ್ಟು ಹೊತ್ತು ಎಂಬ ಮೂರನ್ನು ಗುಣಿಸಬೇಕು. ಒಂದು ಪುಸ್ತಕಕ್ಕೆ ಹಿಡಿಯುವ ಹೊತ್ತನ್ನು ಅಳೆಯುವಾಗ ಕಟ್ಟಿನ ಮೇಲಿನ ಹತ್ತು ಪುಸ್ತಕಗಳನ್ನು ತೆಗೆದುಕೊಳ್ಳಬೇಡಿ. ಅವು ಸಾಮಾನ್ಯವಾಗಿ ಮೊದಲು ಬರೆದು ಮುಗಿಸುವ ಮಕ್ಕಳ ಪುಸ್ತಕಗಳು. ತಪ್ಪು ಕಡಿಮೆ, ಅಕ್ಷರ ಸ್ಪಷ್ಟ. ಕಟ್ಟಿನ ನಡುವಿನ ಹತ್ತನ್ನು ತೆಗೆದುಕೊಂಡು, ಪುಟ ಹುಡುಕುವುದು, ಒತ್ತಕ್ಷರ ಮತ್ತು ವಿಭಕ್ತಿಯ ತಪ್ಪು ತಿದ್ದುವುದು, ಷರಾ ಬರೆಯುವುದು, ದಿನಾಂಕ ಸಹಿತ ಸಹಿ ಹಾಕುವುದು ಎಲ್ಲವೂ ಸೇರಿ ಎಷ್ಟಾಯಿತೆಂದು ನೋಡಿ ಹತ್ತರಿಂದ ಭಾಗಿಸಿ.

ನಮ್ಮ ಶಿಕ್ಷಕಿಗೆ ಪುಸ್ತಕಕ್ಕೆ 2 ನಿಮಿಷ. ಹತ್ತನೆಯ ತರಗತಿಯ 45 ಪುಸ್ತಕಗಳನ್ನು ಪ್ರತಿ ವಾರ ನೋಡುತ್ತಾರೆ, 90 ನಿಮಿಷ. ಎಂಟು ಮತ್ತು ಒಂಬತ್ತರ 120 ಪುಸ್ತಕಗಳನ್ನು ಎರಡು ವಾರಕ್ಕೊಮ್ಮೆ ನೋಡುವುದರಿಂದ ವಾರಕ್ಕೆ 60 ಪುಸ್ತಕ, 120 ನಿಮಿಷ. ಒಟ್ಟು 210 ನಿಮಿಷ. ಎಲ್ಲ ಪುಸ್ತಕಗಳನ್ನೂ ಪ್ರತಿ ವಾರ ನೋಡಲೇಬೇಕೆಂದು ಸೂಚನೆ ಬಂದರೆ ಇದೇ ಅಂಕಿ 330 ನಿಮಿಷವಾಗುತ್ತದೆ. ಅಂಥ ಸೂಚನೆಯ ಬೆಲೆ ವಾರಕ್ಕೆ ಎರಡು ಗಂಟೆ ಎಂದು ನೇರವಾಗಿ ಹೇಳಲು ಈ ಲೆಕ್ಕ ನೆರವಾಗುತ್ತದೆ.

ನಾಲ್ಕನೆಯ ಹಂತ: ಪರೀಕ್ಷೆಯ ಕೆಲಸವನ್ನು ವರ್ಷಕ್ಕೆ ಹಂಚುವುದು

ಉತ್ತರಪತ್ರಿಕೆಗಳ ಮೌಲ್ಯಮಾಪನ ವಾರವಾರ ಬರುವುದಿಲ್ಲ. ಹೀಗಾಗಿ ಹೆಚ್ಚಿನವರು ಅದನ್ನು ಲೆಕ್ಕದಿಂದಲೇ ಕೈಬಿಡುತ್ತಾರೆ, ಇಲ್ಲವೇ ಪರೀಕ್ಷೆಯ ವಾರವೊಂದನ್ನು ಮುಂದಿಟ್ಟು ಇಡೀ ವರ್ಷವೇ ಹಾಗೆಂದು ವಾದಿಸುತ್ತಾರೆ. ವರ್ಷದ ಒಟ್ಟು ಗಂಟೆಗಳನ್ನು ಮೊದಲು ಕೂಡಿಸಿ, ಆಮೇಲೆ ಶಾಲೆ ನಡೆಯುವ ವಾರಗಳಿಂದ ಭಾಗಿಸುವುದೇ ಸರಿಯಾದ ದಾರಿ.

ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಿವೆ. ಪ್ರತಿಯೊಂದರಲ್ಲಿಯೂ ಒಂದು ಕಿರುಪರೀಕ್ಷೆ, ಎರಡು ಚಟುವಟಿಕೆಗಳು. ಕಿರುಪರೀಕ್ಷೆಯ ಪತ್ರಿಕೆಗೆ 4 ನಿಮಿಷದಂತೆ 165 ಪತ್ರಿಕೆಗಳಿಗೆ 11 ಗಂಟೆ. ಚಟುವಟಿಕೆಗಳು ತರಗತಿಯಲ್ಲಿಯೇ ನಡೆದರೂ ಅವುಗಳ ವರದಿ ನೋಡಿ ಅಂಕ ನೀಡಲು ಮಗುವಿಗೆ ಒಟ್ಟು 2 ನಿಮಿಷವಾದರೂ ಬೇಕು. ಅದು 5 ಗಂಟೆ 30 ನಿಮಿಷ. ಒಂದು ಸುತ್ತಿಗೆ 16 ಗಂಟೆ 30 ನಿಮಿಷ, ನಾಲ್ಕು ಸುತ್ತಿಗೆ 66 ಗಂಟೆ.

ಮೊದಲ ಸಂಕಲನಾತ್ಮಕ ಪರೀಕ್ಷೆಯಲ್ಲಿ ಪತ್ರಿಕೆಗೆ 12 ನಿಮಿಷದಂತೆ 165 ಪತ್ರಿಕೆಗಳಿಗೆ 33 ಗಂಟೆ. ಕನ್ನಡ ಪತ್ರಿಕೆಯಲ್ಲಿ ಪ್ರಬಂಧ, ಪತ್ರಲೇಖನ, ಸಂದರ್ಭಸಹಿತ ವಿವರಣೆ ಇರುವುದರಿಂದ ಹನ್ನೆರಡಕ್ಕಿಂತ ಕಡಿಮೆ ಹೊತ್ತಿನಲ್ಲಿ ಓದಿ ತಿದ್ದುವುದು ಕಷ್ಟ. ವರ್ಷಾಂತ್ಯದಲ್ಲಿ ಹತ್ತನೆಯ ತರಗತಿಯವರು ಎಸ್ಎಸ್ಎಲ್‌ಸಿ ಬರೆಯುವುದರಿಂದ ಶಾಲೆಯಲ್ಲಿ ತಿದ್ದಬೇಕಾದವು ಎಂಟು ಮತ್ತು ಒಂಬತ್ತರ 120 ಪತ್ರಿಕೆಗಳು, 24 ಗಂಟೆ. ಹತ್ತನೆಯವರ ಒಂದು ಪೂರ್ವಸಿದ್ಧತಾ ಪರೀಕ್ಷೆಗೆ, ಅಂಕ ಎಲ್ಲಿ ಹೋಯಿತೆಂದು ಪ್ರತಿ ಉತ್ತರಕ್ಕೂ ಬರೆದು ತೋರಿಸಬೇಕಾದ್ದರಿಂದ, ಪತ್ರಿಕೆಗೆ 15 ನಿಮಿಷದಂತೆ 11 ಗಂಟೆ 15 ನಿಮಿಷ. ಅಂಕಗಳನ್ನು ವಹಿಗೆ ಮತ್ತು ಕಂಪ್ಯೂಟರಿಗೆ ಏರಿಸಲು ಆರು ಸುತ್ತಿಗೆ, ಮಗುವಿಗೆ ಒಂದು ನಿಮಿಷದಂತೆ, 16 ಗಂಟೆ 30 ನಿಮಿಷ. ಕಿರುಪರೀಕ್ಷೆಗಳ ನೀಲನಕ್ಷೆ ಮತ್ತು ಪ್ರಶ್ನೆಪತ್ರಿಕೆ ತಯಾರಿಗೆ, ಮೂರು ತರಗತಿಯ ನಾಲ್ಕು ಸುತ್ತುಗಳು ಸೇರಿ 12 ಪತ್ರಿಕೆ, ಪತ್ರಿಕೆಗೆ ಒಂದೂವರೆ ಗಂಟೆಯಂತೆ 18 ಗಂಟೆ.

ಎಲ್ಲವನ್ನೂ ಕೂಡಿಸಿದರೆ ವರ್ಷಕ್ಕೆ 168 ಗಂಟೆ 45 ನಿಮಿಷ. ಶಾಲೆಯ ವಾರ್ಷಿಕ ಕಾರ್ಯಸೂಚಿಯಲ್ಲಿ ಕೆಲಸದ ದಿನಗಳು 222 ಇದ್ದವು. ವಾರಕ್ಕೆ ಆರು ದಿನದಂತೆ 37 ವಾರ. ಭಾಗಿಸಿದಾಗ ವಾರಕ್ಕೆ 274 ನಿಮಿಷ, ಅಂದರೆ 4 ಗಂಟೆ 34 ನಿಮಿಷ. ಇಲ್ಲಿ 52 ವಾರಗಳಿಂದ ಭಾಗಿಸುವ ತಪ್ಪು ಬಹಳ ಕಡೆ ಕಾಣುತ್ತದೆ. ಹಾಗೆ ಮಾಡಿದರೆ ಪರೀಕ್ಷೆಯ ಕೆಲಸ ಬೇಸಿಗೆ ರಜೆಯ ವಾರಗಳಲ್ಲಿಯೂ ಹರಡಿಕೊಂಡು, 3 ಗಂಟೆ 15 ನಿಮಿಷಕ್ಕೆ ಇಳಿದಂತೆ ಕಾಣುತ್ತದೆ.

ಐದನೆಯ ಹಂತ: ಉಳಿದ ಕೆಲಸ

ಇದನ್ನು ಸಿದ್ಧತೆ ಮತ್ತು ತಿದ್ದುವಿಕೆಯೊಂದಿಗೆ ಬೆರೆಸಬೇಡಿ. ಬೇರೆ ಸಾಲಿನಲ್ಲಿಯೇ ಇಡಿ. ನಮ್ಮ ಉದಾಹರಣೆಯಲ್ಲಿ ಪ್ರಾರ್ಥನೆಯ ಹೊತ್ತು ಆರು ದಿನಕ್ಕೆ 90 ನಿಮಿಷ, ವಾರದಲ್ಲಿ ಒಂದು ದಿನ ಬಿಸಿಯೂಟದ ಮೇಲ್ವಿಚಾರಣೆ 45, ದಾಖಲೆ ಮತ್ತು ಮಾಹಿತಿ ಭರ್ತಿ 60, ತಿಂಗಳಿಗೊಮ್ಮೆ ನಡೆಯುವ ಸಭೆಯ ವಾರದ ಪಾಲು 30, ಹತ್ತನೆಯವರಿಗೆ ಶಾಲೆಯ ಸಮಯದ ಹೊರಗೆ ವಾರಕ್ಕೆ ಎರಡು ವಿಶೇಷ ತರಗತಿ 120. ಒಟ್ಟು 345 ನಿಮಿಷ. ಚುನಾವಣೆ ಮತ್ತು ಜನಗಣತಿಯ ಕೆಲಸವನ್ನು ವಾರದ ಸರಾಸರಿಗೆ ಸೇರಿಸದೆ, ಬಂದ ವರ್ಷದಲ್ಲಿ ಎಷ್ಟು ದಿನ ಹೋಯಿತೆಂದು ಪ್ರತ್ಯೇಕವಾಗಿ ಬರೆಯುವುದು ಲೇಸು.

ಕೂಡಿಸಿದಾಗ ಬರುವ ಮೊತ್ತ

- ತರಗತಿ ಮತ್ತು ಹೊಂದಾಣಿಕೆ: 1120 ನಿಮಿಷ
- ಸಿದ್ಧತೆ: 490 ನಿಮಿಷ
- ನೋಟ್‌ಬುಕ್: 210 ನಿಮಿಷ
- ಪರೀಕ್ಷೆಯ ವಾರದ ಪಾಲು: 274 ನಿಮಿಷ
- ಉಳಿದ ಕೆಲಸ: 345 ನಿಮಿಷ

ಒಟ್ಟು 2439 ನಿಮಿಷ, ಅಂದರೆ 40 ಗಂಟೆ 39 ನಿಮಿಷ. ಇದರಲ್ಲಿ ಊಟದ ಹೊತ್ತಾಗಲಿ ಚಿಕ್ಕ ವಿರಾಮಗಳಾಗಲಿ ಸೇರಿಲ್ಲ. ವೇಳಾಪಟ್ಟಿಯ ಒಂದು ಅವಧಿಯ ಹಿಂದೆ ಸರಾಸರಿ 94 ನಿಮಿಷದ ಕೆಲಸವಿದೆ ಎಂದಾಯಿತು.

ಗಣಕದ ಹಾಳೆಯಲ್ಲಿ ಈ ಲೆಕ್ಕವಿಟ್ಟರೆ 2439ನ್ನು 60ರಿಂದ ಭಾಗಿಸಿದಾಗ 40.65 ಎಂದು ಕಾಣುತ್ತದೆ. ಅದನ್ನು 40 ಗಂಟೆ 65 ನಿಮಿಷ ಎಂದು ಓದಿದ ಉದಾಹರಣೆಗಳನ್ನು ನಾನು ನೋಡಿದ್ದೇನೆ. ಒಟ್ಟು ನಿಮಿಷ B10 ಕೋಶದಲ್ಲಿದ್ದರೆ ಈ ಸೂತ್ರ ಗಂಟೆ ಮತ್ತು ನಿಮಿಷಗಳನ್ನು ಸರಿಯಾಗಿ ತೋರಿಸುತ್ತದೆ:

```
=INT(B10/60)&":"&TEXT(MOD(B10,60),"00")
```

ಬಿಡುವಿನ ಅವಧಿಗಳನ್ನು ಕಳೆಯುವ ಬಗೆ

ಈ ಮೊತ್ತವನ್ನು ಮುಂದಿಟ್ಟ ಕೂಡಲೇ ಬರುವ ಪ್ರಶ್ನೆ ಒಂದೇ: 45ರಲ್ಲಿ 26 ಅವಧಿ ಹೋದರೆ ಉಳಿದ 19 ಬಿಡುವು ಇದೆಯಲ್ಲ, ಸಿದ್ಧತೆ ಮತ್ತು ತಿದ್ದುವಿಕೆ ಅಲ್ಲಿಯೇ ಆಗಬಾರದೇ? ಪ್ರಶ್ನೆ ಸರಿಯಾದದ್ದೇ, ಅದಕ್ಕೆ ಅಂಕಿಯಲ್ಲಿಯೇ ಉತ್ತರ ಕೊಡಬೇಕು. ಹೊಂದಾಣಿಕೆಯ ಎರಡು ಕಳೆದರೆ ಬಿಡುವು 17 ಅವಧಿ. ಆದರೆ 40 ನಿಮಿಷದ ಬಿಡುವಿನಲ್ಲಿ 40 ನಿಮಿಷದ ಕೆಲಸ ಆಗುವುದಿಲ್ಲ. ಹಿಂದಿನ ತರಗತಿಯಿಂದ ಸಿಬ್ಬಂದಿ ಕೊಠಡಿಗೆ ಬರಬೇಕು, ಕಟ್ಟು ಬಿಚ್ಚಬೇಕು, ನಡುವೆ ಒಬ್ಬ ಪೋಷಕರೋ ಜ್ವರ ಬಂದ ಮಗುವೋ ಬರುತ್ತಾರೆ, ಗಂಟೆ ಬಾರಿಸುವ ಮುನ್ನ ಮುಂದಿನ ತರಗತಿಗೆ ಹೊರಡಬೇಕು. ಒಂದು ವಾರ ಪ್ರತಿ ಬಿಡುವಿನಲ್ಲಿಯೂ ನಿಜವಾಗಿ ಕೆಲಸ ಮಾಡಿದ ನಿಮಿಷಗಳನ್ನು ಬರೆದು ನೋಡಿ. ನಮ್ಮ ಶಿಕ್ಷಕಿಗೆ ಸರಾಸರಿ 30 ನಿಮಿಷ ಸಿಕ್ಕಿತು. 17 ಅವಧಿಗೆ 510 ನಿಮಿಷ.

ಸಿದ್ಧತೆ, ನೋಟ್‌ಬುಕ್, ಪರೀಕ್ಷೆ ಮತ್ತು ದಾಖಲೆ ಸೇರಿ 1034 ನಿಮಿಷದ ಕೆಲಸವಿದೆ. ಶಾಲೆಯಲ್ಲಿ 510 ನಿಮಿಷ ಮುಗಿದರೆ ಉಳಿದ 524 ನಿಮಿಷ ಮನೆಗೆ ಹೋಗುತ್ತದೆ. ವಿಶೇಷ ತರಗತಿ ಮತ್ತು ಸಭೆಯ 150 ನಿಮಿಷವೂ ಶಾಲೆಯ ವೇಳೆಯ ಹೊರಗಿನದು. ಎರಡನ್ನೂ ಕೂಡಿಸಿದರೆ ವಾರಕ್ಕೆ 674 ನಿಮಿಷ, ಅಂದರೆ 11 ಗಂಟೆ 14 ನಿಮಿಷ, ಶಾಲೆಯ ಗಂಟೆಯ ಆಚೆಗೆ ನಡೆಯುವ ಕೆಲಸ. ಒಟ್ಟು 40 ಗಂಟೆ ಎಂಬ ಅಂಕಿಗಿಂತ ಈ 11 ಗಂಟೆಯ ಅಂಕಿಯೇ ಶಿಕ್ಷಕಿಯ ದಿನವನ್ನು ಹೆಚ್ಚು ನಿಖರವಾಗಿ ತೋರಿಸುತ್ತದೆ ಎಂಬುದು ನನ್ನ ಅನಿಸಿಕೆ. ಬಿಡುವಿನ ಅವಧಿಗಳನ್ನು ಕಳೆಯದೆ ಸಿದ್ಧತೆ ಮತ್ತು ತಿದ್ದುವಿಕೆಯ ಇಡೀ ಮೊತ್ತವನ್ನು ಮನೆಯ ಕೆಲಸವೆಂದು ತೋರಿಸುವುದು ಎದುರು ದಿಕ್ಕಿನ ತಪ್ಪು. ಅದನ್ನು ಯಾವ ಮುಖ್ಯೋಪಾಧ್ಯಾಯರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಸರಾಸರಿಯ ಜೊತೆಗೆ ಏರಿಳಿತವನ್ನೂ ಬರೆಯಿರಿ

ಸರಾಸರಿ ವಾರ ಎಂಬುದು ಕ್ಯಾಲೆಂಡರಿನಲ್ಲಿ ಎಲ್ಲಿಯೂ ಸಿಗುವುದಿಲ್ಲ. ಪರೀಕ್ಷೆಯ ಪಾಲನ್ನು ತೆಗೆದರೆ ನಮ್ಮ ಶಿಕ್ಷಕಿಯ ಸಾಮಾನ್ಯ ವಾರ 36 ಗಂಟೆ 5 ನಿಮಿಷ. ಒಂದು ರೂಪಣಾತ್ಮಕ ಸುತ್ತಿನ ತಿದ್ದುವಿಕೆ, ಅಂಕ ನೀಡಿಕೆ, ಅಂಕ ಏರಿಸುವುದು ಸೇರಿ 19 ಗಂಟೆ 15 ನಿಮಿಷ. ಅದನ್ನು ಎರಡು ವಾರದಲ್ಲಿ ಮುಗಿಸಬೇಕೆಂದರೆ, ಬೋಧನೆ ಎಂದಿನಂತೆ ನಡೆಯುತ್ತಿರುವುದರಿಂದ, ಆ ಎರಡು ವಾರಗಳು ತಲಾ 45 ಗಂಟೆ 42 ನಿಮಿಷಕ್ಕೆ ಏರುತ್ತವೆ. ಮೊದಲ ಸಂಕಲನಾತ್ಮಕ ಪರೀಕ್ಷೆಯ 33 ಗಂಟೆಗಳು ಬಹುಪಾಲು ದಸರಾ ರಜೆಯಲ್ಲಿ ಮನೆಯಲ್ಲಿ ಮುಗಿಯುತ್ತವೆ. ಹಾಗಾಗಿ ಅವು ಯಾವ ವಾರದ ಲೆಕ್ಕದಲ್ಲಿಯೂ ಕಾಣುವುದಿಲ್ಲ. ಆದ್ದರಿಂದ ಲೆಕ್ಕದ ಹಾಳೆಯಲ್ಲಿ ಸರಾಸರಿ ವಾರ, ಸಾಮಾನ್ಯ ವಾರ, ಮೌಲ್ಯಮಾಪನದ ವಾರ ಎಂದು ಮೂರು ಅಂಕಿಗಳನ್ನು ಕೊಡುವುದು ಒಳ್ಳೆಯದು. ನಾಲ್ಕೂ ವಿಭಾಗಗಳ ಕಿರುಪರೀಕ್ಷೆ ಮತ್ತು ನೋಟ್‌ಬುಕ್ ಪರಿಶೀಲನೆ ಒಂದೇ ವಾರಕ್ಕೆ ಬೀಳುವಂತೆ ಕಾರ್ಯಸೂಚಿ ಮಾಡಿದ್ದರೆ ಅದು ಇಲ್ಲಿಯೇ ಗೊತ್ತಾಗುತ್ತದೆ.

ಅವಧಿ ಒಂದೇ, ಕೆಲಸ ಬೇರೆ

ಅದೇ 26 ಅವಧಿಯ ಇನ್ನೊಬ್ಬ ಶಿಕ್ಷಕರನ್ನು ನೋಡೋಣ. ದೊಡ್ಡ ಶಾಲೆಯೊಂದರಲ್ಲಿ ಅವರಿಗೆ ಹತ್ತನೆಯ ತರಗತಿಯ ನಾಲ್ಕು ವಿಭಾಗಗಳು ಮಾತ್ರ. ವಿಭಾಗಕ್ಕೆ 60 ಮಕ್ಕಳಂತೆ 240. ಪಾಠಭಾಗಗಳು ವಾರಕ್ಕೆ ಆರು ಮಾತ್ರ, ಉಳಿದ 18 ಪುನರಾವರ್ತನೆ. ಅದೇ ನಿಮಿಷಗಳ ಅಳತೆಯಲ್ಲಿ ಅವರ ಸಿದ್ಧತೆ 250 ನಿಮಿಷ, ಅಂದರೆ ಮೊದಲ ಶಿಕ್ಷಕಿಯ ಅರ್ಧದಷ್ಟು. ಆದರೆ ವಾರಕ್ಕೊಮ್ಮೆ 240 ನೋಟ್‌ಬುಕ್ ನೋಡಲು 480 ನಿಮಿಷ ಬೇಕು. ವರ್ಷದ ಪರೀಕ್ಷೆಯ ಕೆಲಸ 234 ಗಂಟೆ. ವಾರದ ಪಾಲು 379 ನಿಮಿಷ. ಸಿದ್ಧತೆ ಮತ್ತು ತಿದ್ದುವಿಕೆ ಸೇರಿ ಮೊದಲನೆಯವರಿಗೆ 974 ನಿಮಿಷವಾದರೆ ಇವರಿಗೆ 1109 ನಿಮಿಷ; ವಾರಕ್ಕೆ 2 ಗಂಟೆ 15 ನಿಮಿಷ ಹೆಚ್ಚು.

ಮೊತ್ತದ ವ್ಯತ್ಯಾಸಕ್ಕಿಂತ ಅದರ ಸ್ವರೂಪದ ವ್ಯತ್ಯಾಸ ಮುಖ್ಯ. ಮೊದಲ ಶಿಕ್ಷಕಿಗೆ ನೆರವಾಗಬೇಕಾದರೆ ಬೇರೆ ಬೇರೆ ತರಗತಿಗಳ ಸಂಖ್ಯೆಯನ್ನು ಇಳಿಸಬೇಕು. ಎರಡನೆಯವರ ಎರಡು ಅವಧಿಗಳನ್ನು ಕಡಿಮೆ ಮಾಡಿದರೂ ನಾಲ್ಕೂ ವಿಭಾಗ ಅವರ ಬಳಿಯೇ ಉಳಿದರೆ ತಿದ್ದುವಿಕೆ ಒಂದು ನಿಮಿಷವೂ ಇಳಿಯುವುದಿಲ್ಲ. ಒಂದು ವಿಭಾಗವನ್ನೇ ಬೇರೆಯವರಿಗೆ ಕೊಡಬೇಕು, ಇಲ್ಲವೇ ನೋಟ್‌ಬುಕ್ ನೋಡುವ ಅಂತರವನ್ನು ಹೆಚ್ಚಿಸಬೇಕು. ವೇಳಾಪಟ್ಟಿಯ ಹೊಣೆ ಹೊತ್ತಿದ್ದ ವರ್ಷಗಳಲ್ಲಿ ನಾನು ಅವಧಿಗಳನ್ನಷ್ಟೇ ಸರಿದೂಗಿಸಿ ಎಲ್ಲರಿಗೂ ಸಮನಾಗಿ ಹಂಚಿದ್ದೇನೆಂದು ನಂಬಿದ್ದೆ. ಮಕ್ಕಳ ಸಂಖ್ಯೆಯ ಅಂಕಣವನ್ನು ಪಕ್ಕದಲ್ಲಿ ಬರೆದ ದಿನವೇ ಅದು ಸಮನಾಗಿರಲಿಲ್ಲವೆಂದು ತಿಳಿಯಿತು.

ನಿಯಮಗಳೊಂದಿಗೆ ಹೋಲಿಸುವಾಗ

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಬೋಧನಾ ಗಂಟೆಗಳನ್ನು ಸೂಚಿಸುತ್ತದೆ. ಸಿದ್ಧತೆಯ ಗಂಟೆಗಳೂ ಅದರಲ್ಲಿ ಸೇರಿವೆ ಎಂದು ಅಲ್ಲಿಯೇ ಹೇಳಿದೆ. ನಮ್ಮ ವೇಳಾಪಟ್ಟಿಯಲ್ಲಿಯೂ ವಾರಕ್ಕೆ 45 ಅವಧಿಗಳಿರುವುದರಿಂದ ಈ ಎರಡು 45ಗಳು ಒಂದೇ ಎಂದು ಭಾವಿಸುವವರಿದ್ದಾರೆ. ಒಂದು ಗಂಟೆಯ ಲೆಕ್ಕ, ಇನ್ನೊಂದು 40 ನಿಮಿಷದ ಅವಧಿಯ ಲೆಕ್ಕ; 45 ಅವಧಿ ಎಂದರೆ 30 ಗಂಟೆ ಮಾತ್ರ. ಅದೇ ಅನುಸೂಚಿ 6ರಿಂದ 8ನೆಯ ತರಗತಿಗೆ ವರ್ಷಕ್ಕೆ 220 ಕೆಲಸದ ದಿನ ಮತ್ತು 1000 ಬೋಧನಾ ಗಂಟೆ ನಿಗದಿಪಡಿಸಿದೆ. ಅದು ದಿನಕ್ಕೆ ಸುಮಾರು ನಾಲ್ಕೂವರೆ ಗಂಟೆ. ಆದ್ದರಿಂದ 45 ಗಂಟೆಯೂ ತರಗತಿಯಲ್ಲಿಯೇ ಕಳೆಯಬೇಕೆಂದು ಕಾಯ್ದೆಯನ್ನು ಓದಲು ಬರುವುದಿಲ್ಲ. ಈ ಕಾಯ್ದೆ ಎಂಟನೆಯ ತರಗತಿಯವರೆಗೆ ಮಾತ್ರ ಅನ್ವಯಿಸುತ್ತದೆ. ಒಂಬತ್ತು ಮತ್ತು ಹತ್ತನೆಯ ತರಗತಿಗೆ ಅದನ್ನು ಹೋಲಿಕೆಗಾಗಿ ಬಳಸಬಹುದೇ ಹೊರತು ನಿಯಮವೆಂದು ಉಲ್ಲೇಖಿಸಬಾರದು.

ಕಾಲೇಜು ಅಧ್ಯಾಪಕರಿಗೆ ಯುಜಿಸಿಯ 2018ರ ನಿಯಮಾವಳಿ ವಾರಕ್ಕೆ ಕನಿಷ್ಠ 40 ಗಂಟೆಯ ಕಾರ್ಯಭಾರವನ್ನು ಹೇಳಿ, ಅದರಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ನೇರ ಬೋಧನೆ 16 ಗಂಟೆ ಎನ್ನುತ್ತದೆ. ಬೋಧನೆಯ ಒಂದು ಗಂಟೆಗೆ ಒಟ್ಟು ಎರಡೂವರೆ ಗಂಟೆಯ ಕೆಲಸ ಎಂದು ಅಲ್ಲಿ ಒಪ್ಪಿಕೊಂಡಂತಾಯಿತು. ನಮ್ಮ ಶಿಕ್ಷಕಿಯ 17 ಗಂಟೆ 20 ನಿಮಿಷದ ವೇಳಾಪಟ್ಟಿಗೆ 40 ಗಂಟೆ 39 ನಿಮಿಷ ಬಂದಿದೆ, ಒಂದಕ್ಕೆ 2.35ರಷ್ಟು. ಕಾಲೇಜಿನವರ ಉಳಿದ ಹೊತ್ತಿನಲ್ಲಿ ಸಂಶೋಧನೆಯೂ ಸೇರುವುದರಿಂದ ಈ ಹೋಲಿಕೆ ಒಂದು ಮಿತಿಯವರೆಗೆ ಮಾತ್ರ ಸರಿ.

ಅವಧಿ ಲೆಕ್ಕದ ಸಂಭಾವನೆ

ಅವಧಿಗೆ 200 ರೂಪಾಯಿ ಕೊಡುತ್ತೇವೆಂದು ಶಾಲೆಯೊಂದು ಹೇಳಿದರೆ 40 ನಿಮಿಷಕ್ಕೆ 200, ಗಂಟೆಗೆ 300 ಎಂದು ತೋರುತ್ತದೆ. ಸಿದ್ಧತೆ, ನೋಟ್‌ಬುಕ್ ಮತ್ತು ಮೌಲ್ಯಮಾಪನವೂ ನಿಮ್ಮದೇ ಆದರೆ, ಹೊಂದಾಣಿಕೆ ಮತ್ತು ಇತರ ಕೆಲಸಗಳನ್ನು ಬಿಟ್ಟರೂ, 26 ಅವಧಿಗೆ 1040 ಮತ್ತು 974 ಸೇರಿ 2014 ನಿಮಿಷ. 5200 ರೂಪಾಯಿಯನ್ನು ಇದರಿಂದ ಭಾಗಿಸಿದರೆ ಗಂಟೆಗೆ ಸುಮಾರು 155 ರೂಪಾಯಿ. ಒಪ್ಪಿಕೊಳ್ಳುವ ಮುನ್ನ ಮೂರು ವಿಷಯಗಳನ್ನು ಕೇಳಿ ಬರೆದುಕೊಳ್ಳಿ: ಎಷ್ಟು ಬೇರೆ ಬೇರೆ ತರಗತಿ, ಒಟ್ಟು ಎಷ್ಟು ಮಕ್ಕಳು, ಉತ್ತರಪತ್ರಿಕೆಗಳಿಗೆ ಪ್ರತ್ಯೇಕ ಸಂಭಾವನೆ ಇದೆಯೇ.

ಲೆಕ್ಕವನ್ನು ಮುಂದಿಡುವಾಗ

ಮುಖ್ಯೋಪಾಧ್ಯಾಯರಿಗೆ ಕೊಡುವ ಹಾಳೆಯಲ್ಲಿ ಒಟ್ಟು ಮೊತ್ತವನ್ನಷ್ಟೇ ಬರೆಯದೆ, ಪ್ರತಿ ಸಾಲಿನ ಹಿಂದಿನ ಗುಣಾಕಾರವನ್ನೂ ಕಾಣಿಸಿ. 165 ಮಕ್ಕಳು, 12 ನಿಮಿಷ ಎಂದು ಬರೆದಿದ್ದರೆ ಅವರು 12ರ ಬದಲು 10 ಹಾಕಿ ನೋಡಬಹುದು. ಮೊತ್ತ ಎಷ್ಟು ಇಳಿಯುತ್ತದೆ ಎಂಬುದು ಇಬ್ಬರಿಗೂ ಕಾಣುತ್ತದೆ. ಎರಡು ವಾರದ ಅಳತೆಯ ಮೂಲ ಹಾಳೆಯನ್ನು ಜೊತೆಗಿಡಿ. ದಾಖಲಾತಿ ಅಂತಿಮವಾದ ಮೇಲೆ ಮಕ್ಕಳ ಸಂಖ್ಯೆ, ಎರಡನೆಯ ಅರ್ಧವರ್ಷದ ಆರಂಭದಲ್ಲಿ ವಿಭಾಗಗಳ ಹಂಚಿಕೆ ಬದಲಾಗಿದ್ದರೆ ಸಿದ್ಧತೆಯ ಸಾಲು, ಹೀಗೆ ಬದಲಾದ ಸಾಲನ್ನು ಮಾತ್ರ ತಿದ್ದಿ ಮತ್ತೆ ಕೂಡಿಸಿದರೆ ಸಾಕು. ನಿಮಿಷದ ಅಳತೆಗಳನ್ನು ವರ್ಷಕ್ಕೊಮ್ಮೆ, ಪರೀಕ್ಷೆಯಿಲ್ಲದ ಜುಲೈ ಅಥವಾ ನವೆಂಬರ್ ತಿಂಗಳ ವಾರಗಳಲ್ಲಿ, ಹೊಸದಾಗಿ ತೆಗೆದುಕೊಳ್ಳಬೇಕು.